50 ಪದರ ಇಟ್ಟರೂ ಫೈಲ್ ಯಾಕ ದಪ್ಪ ಆತು? ಎಸ್‌ವಿಡಿ ತಿಳಿದವರು ಸ್ವಲ್ಪ ಹೇಳ್ರಿ

ಧಾರವಾಡದಂವ_ಪುಣೆ
ಎಲ್ಲಾರಿಗೂ ನಮಸ್ಕಾರ್ರಿ. ನಾ ಪುಣೆಯೊಳಗ ಎಂ.ಎಸ್ಸಿ. ಎರಡನೇ ವರ್ಷ ಓದಾಕತ್ತೀನಿ. ಎಸ್‌ವಿಡಿ ಅಂದ್ರ ಸಂಖ್ಯೆಗಳ ಪಟ್ಟಿನ್ನ ಪದರ ಪದರ ಮಾಡಿ ಬಿಡಿಸೂ ಲೆಕ್ಕ. ಅದನ್ನ ಹಚ್ಚಿ ಒಂದು ಫೋಟೋ ಸಣ್ಣದು ಮಾಡ್ರಿ, ಆಮ್ಯಾಲೆ ಇದಕ್ಕೂ ಸಿನಿಮಾ ಶಿಫಾರಸಿಗೂ ಏನ್ ಸಂಬಂಧ ಅಂತ ಎರಡು ಪುಟ ಬರೀರಿ ಅಂತ ನಮ್ಮ ಸರ್ ಪ್ರಾಜೆಕ್ಟ್ ಕೊಟ್ಟಾರ.

ನಾ ಲೋಣಾವಳಾ ಲೋಕಲ್‌ನ ಕಿಟಕಿ ಫೋಟೋ ತಗೊಂಡೆ. ಅಡ್ಡ ಸರಳು, ಹೊರಗ ಮಳಿ. ಕಪ್ಪು ಬಿಳುಪು ಮಾಡಿ 1200 ಸಾಲು, 800 ಕಾಲಂ ಇಟ್ಟೆ. ಅಂದ್ರ 9,60,000 ಪಿಕ್ಸೆಲ್. ಕೋಡ್ ಇಷ್ಟ:

```python
U, s, Vt = np.linalg.svd(A, full_matrices=False)
k = 50
B = (U[:, :k] * s[:k]) @ Vt[:k]
```

800 ಪದರದಾಗ 50 ಇಟ್ಟರೂ ಫೋಟೋ ಹೆಚ್ಚೂಕಡಿಮಿ ಹಂಗ ಐತಿ. ಮಳಿ ಹನಿ ಅಷ್ಟ ಮಸಕ. ಲೆಕ್ಕ ಹಾಕಿದೆ: 50 × (1200 + 800 + 1) = 1,00,050 ಸಂಖ್ಯೆ. 9.6 ಪಟ್ಟು ಸಣ್ಣದಾತು ಅಂತ ರಿಪೋರ್ಟಿನಾಗ ಬರದೂ ಬಿಟ್ಟೆ.

ನಿನ್ನೆ ರಾತ್ರಿ `np.savez` ಮಾಡಿ ನೋಡ್ತೀನಿ, ಫೈಲು 800 ಕೆಬಿ! ಫೋನಿನ ಮೂಲ ಜೆಪೆಗ್ ಬಣ್ಣದ್ದಾದ್ರೂ 210 ಕೆಬಿ. ಒಂಬತ್ತು ಪಟ್ಟು ಸಣ್ಣದು ಮಾಡಾಕ ಹೋಗಿ ನಾಕು ಪಟ್ಟು ದೊಡ್ಡದು ಮಾಡೀನಿ. ಎಲ್ಲಿ ತಪ್ಪೀನಿ? ಇನ್ನ ಆ ಶಿಫಾರಸಿನ ಸಂಬಂಧ ಅಂತೂ ತಲೀಗೇ ಹತ್ತವಲ್ದು.

ವಾಸ್ಕೋ_ಕ್ಯಾಮೆರಾ
ತಪ್ಪೇನಿಲ್ಲ ತಮ್ಮಾ. ಮೂರು ತುಂಡು ಯಾಕೆ ಉಳಿಸ್ತೀಯಾ? `B`ಯನ್ನೇ ಜೆಪೆಗ್ ಮಾಡಿ ಉಳಿಸು, ಸಣ್ಣದಾಗ್ತದೆ.

ಧಾರವಾಡದಂವ_ಪುಣೆ
ಮಾಡಿದೆ ಅಣ್ಣಾ, 190 ಕೆಬಿ ಬಂತು. ಎಸ್‌ವಿಡಿ ಮಾಡದ ಕಪ್ಪು ಬಿಳುಪು ಮೂಲಾನ ಜೆಪೆಗ್ ಮಾಡಿದ್ರೂ ಅಷ್ಟ ಆಜೂಬಾಜೂ ಬರ್ತೈತಿ. ಹಂಗಾದ್ರ ಎಸ್‌ವಿಡಿ ಮಾಡಿದ್ದೇನು ಮಣ್ಣು?

ಗೋರೆಗಾಂವ್_ರಾಯರು
ನನ್ನ ಫೋನಿನಲ್ಲೂ ಇದೇ ತೊಂದರೆ. ಬೆಳಗಿನ ಶುಭೋದಯದ ಫೋಟೋಗಳಿಂದಲೇ ಜಾಗ ತುಂಬಿಹೋಗಿದೆ. ಈ ಎಸ್‌ವಿಡಿ ಆ್ಯಪ್ ಎಲ್ಲಿ ಸಿಗುತ್ತೆ? ಉಚಿತವೇ?

ಠಾಣೆ_ಟೈಪಿಸ್ಟ್
ರಾಯರೇ, ಶುಭೋದಯ ಗುಂಪಿಂದ ಹೊರಗೆ ಬರೋದೇ ಅದಕ್ಕೆ ಆ್ಯಪ್ 😀

ಮುಲುಂಡ್_ಮೇಡಂ
ಧಾರವಾಡದ ಹುಡುಗ, ನಿನ್ನ ಗುಣಾಕಾರ ಸರಿ ಇದೆ, ಎಣಿಸಿದ್ದು ಬೇರೆ ವಸ್ತು. ನೀನು ಸಂಖ್ಯೆ ಎಣಿಸಿದೆ, ಡಿಸ್ಕ್ ಬೈಟ್ ಎಣಿಸುತ್ತೆ. ಮೂಲ ಪಿಕ್ಸೆಲ್ 0ರಿಂದ 255ರ ಒಳಗಿನ ಪೂರ್ಣಾಂಕ, ಒಂದಕ್ಕೆ ಒಂದು ಬೈಟ್ ಸಾಕು. ಎಸ್‌ವಿಡಿ ಕೊಟ್ಟ `U`, `Vt` ಎರಡರಲ್ಲೂ ಇರುವುದು 0.0287… ತರಹದ ಸಂಖ್ಯೆಗಳು. ನಂಪೈ ಅವನ್ನು ಒಂದೊಂದಕ್ಕೆ 8 ಬೈಟ್ ಕೊಟ್ಟು ಇಡುತ್ತೆ. 1,00,050ನ್ನು 8ರಿಂದ ಗುಣಿಸು, ನಿನ್ನ 800 ಕೆಬಿ ಸಿಕ್ಕಿತಲ್ಲ?

`U`, `Vt` ಎರಡನ್ನೂ `float32` ಮಾಡಿದರೆ 400 ಕೆಬಿ, `float16` ಮಾಡಿದರೆ 200. `s` ಮಾತ್ರ ಹಾಗೇ ಇರಲಿ, ಅದರ ಮೊದಲ ಸಂಖ್ಯೆ `float16`ಗೆ ಹಿಡಿಸದಷ್ಟು ದೊಡ್ಡದಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಮಾಡಿ ನೋಡು. ಹಾಗೆ ಮಾಡಿದರೂ ಮೂಲದ 960 ಕೆಬಿಗೆ ಹೋಲಿಸಿದರೆ 4.8 ಪಟ್ಟು ಆಯಿತೇ ಹೊರತು 9.6 ಅಲ್ಲ. ರಿಪೋರ್ಟಿನಲ್ಲಿ ಆ ಸಾಲು ತಿದ್ದಿಬಿಡು. ಪರೀಕ್ಷಕರು ಮೊದಲು ಬೆರಳಿಡುವುದೇ ಅಲ್ಲಿ, ಮೂವತ್ತು ವರ್ಷ ನಾನೂ ಇಟ್ಟವಳೇ.

ಇನ್ನೊಂದು. ಬರೀ ಸಂಖ್ಯೆಯ ಲೆಕ್ಕದಲ್ಲಿ ನೋಡಿದರೂ k 479 ದಾಟಿದರೆ ನಿನ್ನ ‘ಸಣ್ಣ’ ರೂಪ ಮೂಲಕ್ಕಿಂತ ದೊಡ್ಡದಾಗುತ್ತೆ. 9,60,000ನ್ನು 2001ರಿಂದ ಭಾಗಿಸಿ ನೋಡು. 800 ಪದರಗಳಿವೆ, 700 ಇಟ್ಟುಕೊಂಡರೂ ಉಳಿತಾಯವೇ ಎಂದು ಬರೆದವರನ್ನು ನೋಡಿದ್ದೇನೆ.

ಠಾಣೆ_ಟೈಪಿಸ್ಟ್
ನನಗೆ ಇದರಲ್ಲೇ ಬೇರೆ ಪೆಟ್ಟು ಬಿದ್ದಿತ್ತು. ಕತ್ತಲಿನ ಜಾಗದಲ್ಲಿ ಅಕ್ಕಿಕಾಳು ಚೆಲ್ಲಿದ ಹಾಗೆ ಬಿಳಿ ಚುಕ್ಕಿ, ಬೆಳಕಿನ ಜಾಗದಲ್ಲಿ ಕಪ್ಪು ಚುಕ್ಕಿ. ಎರಡು ದಿನ ಕ್ಯಾಮೆರಾ ಬೈದೆ. ಕಡೆಗೆ ನೋಡಿದರೆ ಪದರ ಕೂಡಿಸಿದಾಗ ಕೆಲವು ಪಿಕ್ಸೆಲ್ −3 ಆಗಿತ್ತು, ಕೆಲವು 259. ಅದನ್ನು ನೇರ `uint8`ಗೆ ತಳ್ಳಿದರೆ −3 ಹೋಗಿ 253 ಆಗಿ ಕೂರುತ್ತೆ, 259 ಹೋಗಿ 3 ಆಗುತ್ತೆ. ಮೊದಲು `np.clip(B, 0, 255)` ಹಾಕಬೇಕು.

ಧಾರವಾಡದಂವ_ಪುಣೆ
ಅಯ್ಯೋ, ನಾ ಅವನ್ನ ಮಳಿ ಹನಿ ಅನ್ಕೊಂಡಿದ್ದೆ!! ಈಗ clip ಹಾಕಿದೆ, ಅರ್ಧ ಮಳಿ ನಿಂತು ಬಿಡ್ತು.

ಮಾಟುಂಗಾ_ಶೆಟ್ರು
ಪದರ ಪದರ ಅಂತ ಹೇಳ್ತಾ ಇದ್ದೀರಲ್ಲ, ಅದು ಏನು ಮಾರಾಯ್ರೆ? ನಮ್ಮಲ್ಲಿ ಪದರ ಉಂಟು ಅಂದರೆ ಪರೋಟ ಮಾತ್ರ. ಮತ್ತೆ ಶಿಫಾರಸು ಅಂತ ಕೇಳಿದಿರಿ, ಗಿರಾಕಿಗೆ ಏನು ಕೊಡಬೇಕು ಅಂತ ತಾನೆ? ನಮ್ಮ ಹೋಟೆಲಿನಲ್ಲಿ ಅದಕ್ಕೆ ಕಂಪ್ಯೂಟರ್ ಬೇಡ. ನಮ್ಮ ತಂದೆಯವರ ಸೂತ್ರ ಹೇಳ್ತೇನೆ. ಸೋಮವಾರ ಇಡ್ಲಿ 100 ಪ್ಲೇಟ್ ಹೋದರೆ ದೋಸೆ 60, ವಡೆ 40, ಸಾಬೂದಾನಿ ಖಿಚಡಿ 10. ಭಾನುವಾರ ಕಣ್ಣು ಮುಚ್ಚಿ ಎಲ್ಲ ಡಬಲ್ ಮಾಡಿ. ಆದರೆ ಸಂಕಷ್ಟಿ ಬಂತೋ, ಎಲ್ಲ ಅರ್ಧಕ್ಕೆ ಇಳೀತದೆ, ಖಿಚಡಿ ಮಾತ್ರ 70 ಪ್ಲೇಟ್. ಇದು ಯಾವ ಎಸ್‌ವಿಡಿಯಲ್ಲಿ ಬರ್ತದೆ?

ಮುಲುಂಡ್_ಮೇಡಂ
ಶೆಟ್ರೇ, ಅದೇ ಎಸ್‌ವಿಡಿ. ನಿಮ್ಮ ತಂದೆಯವರು ಹೇಳಿದ್ದನ್ನು ಪಟ್ಟಿ ಮಾಡೋಣ.

```
            ಇಡ್ಲಿ  ದೋಸೆ  ವಡೆ  ಖಿಚಡಿ
ಸೋಮವಾರ     100   60   40    10
ಭಾನುವಾರ     200  120   80    20
ಸಂಕಷ್ಟಿ        50   30   20    70
```

ಮೊದಲ ಎರಡು ಸಾಲು ನೆನಪಿಡಲು ಎಂಟು ಸಂಖ್ಯೆ ಬೇಕಿಲ್ಲ. 100, 60, 40, 10 ಎಂಬ ಒಂದು ಅಚ್ಚು, ಸೋಮವಾರಕ್ಕೆ 1, ಭಾನುವಾರಕ್ಕೆ 2 ಎಂಬ ಅಳತೆ, ಇಷ್ಟು ಸಾಕು. ಒಂದು ಅಚ್ಚು, ಪ್ರತಿ ಸಾಲಿಗೆ ಒಂದು ಅಳತೆ, ಎರಡನ್ನೂ ಗುಣಿಸಿದರೆ ಇಡೀ ಪಟ್ಟಿ. ಪದರ ಎಂದರೆ ಅದೇ. ಸಂಕಷ್ಟಿ ಬಂದಾಗ ಒಂದು ಅಚ್ಚು ಸಾಲದು. ಅರ್ಧ ಅಚ್ಚಿನ ಮೇಲೆ 65 ಪ್ಲೇಟ್ ಖಿಚಡಿ ಸೇರಿಸಬೇಕು. ಹಾಗಾಗಿ ಈ ಪಟ್ಟಿ ಎರಡೇ ಪದರದ್ದು. ಮೂರನೆಯದು ಸೊನ್ನೆ.

ಫೋಟೋದಲ್ಲೂ ಇಷ್ಟೇ. ಒಂದು ಪಿಕ್ಸೆಲ್ ಸಾಲು ಇನ್ನೊಂದರ ಸ್ವಲ್ಪ ಮಬ್ಬಾದ ನಕಲು ಆಗಿದ್ದರೆ ಎರಡಕ್ಕೂ ಒಂದೇ ಅಚ್ಚು ಸಾಕು. ರೈಲು ಕಿಟಕಿಯ ಸರಳು ನೂರು ಕಾಲಂ ಉದ್ದಕ್ಕೂ ಒಂದೇ ಥರ ಇರುತ್ತಲ್ಲ, ಅದಕ್ಕೇ ಅದು ಕಡಿಮೆ ಪದರದಲ್ಲಿ ಮುಗಿಯುತ್ತೆ.

ಮಾಟುಂಗಾ_ಶೆಟ್ರು
ಹಾಗಾದರೆ ಮೊದಲ ಪದರ ಮಾಮೂಲಿ ದಿನ, ಎರಡನೇ ಪದರ ಉಪವಾಸ. ಅರ್ಥ ಆಯ್ತು. ತಂದೆಯವರು ಎಸ್ಸೆಸ್ಸೆಲ್ಸಿ ಕೂಡ ಪಾಸಿಲ್ಲ, ನೋಡಿ.

ಮುಲುಂಡ್_ಮೇಡಂ
ತಡೀರಿ ಶೆಟ್ರೇ. ಅದು ನಿಮ್ಮ ತಂದೆಯವರು ಮಾಡಿದ ಪದರ. ಎಸ್‌ವಿಡಿ ಕೊಡುವುದು ಬೇರೆ. ಈಗ ಲೆಕ್ಕ ಹಾಕಿದೆ. ಪದರದ ತೂಕ ಹೇಳುವ ಸಿಂಗ್ಯುಲರ್ ವ್ಯಾಲ್ಯೂ ಎರಡು: 285 ಮತ್ತು 63. ಎರಡನೇ ಪದರದ ಅಚ್ಚು ಹೀಗಿದೆ: ಖಿಚಡಿ 0.99, ಇಡ್ಲಿ −0.11, ದೋಸೆ −0.07, ವಡೆ −0.04.

ಮಾಟುಂಗಾ_ಶೆಟ್ರು
ಮೈನಸ್ ಇಡ್ಲಿಯಾ? ಅದನ್ನು ಯಾರಿಗೆ ಬಡಿಸುವುದು ಮಾರಾಯ್ರೆ 😂

ಠಾಣೆ_ಟೈಪಿಸ್ಟ್
ಉಪವಾಸದವರಿಗೆ.

ಮುಲುಂಡ್_ಮೇಡಂ
ನಗಬೇಡಿ, ಅದಕ್ಕೆ ಕಾರಣ ಇದೆ. ಎಸ್‌ವಿಡಿಗೆ ಒಂದೇ ಹಟ: ಮೊದಲ ಪದರ ಒಂಟಿಯಾಗಿಯೇ ಇಡೀ ಪಟ್ಟಿಗೆ ಆದಷ್ಟೂ ಹತ್ತಿರ ಹೋಗಬೇಕು. ಆ ಆಸೆಗೆ ಅದು ಸಂಕಷ್ಟಿಯ ಖಿಚಡಿಯಲ್ಲಿ ಸ್ವಲ್ಪವನ್ನು ಮೊದಲ ಅಚ್ಚಿಗೇ ಬೆರೆಸಿಕೊಳ್ಳುತ್ತೆ. ಎರಡನೆಯ ಪದರ ಮೊದಲನೆಯದಕ್ಕೆ ಲಂಬವಾಗಿರಲೇಬೇಕು, ಹಾಗಾಗಿ ಅದು ಹೆಚ್ಚಾಗಿ ಬಡಿಸಿದ್ದನ್ನು ವಾಪಸ್ ತೆಗೆಯುತ್ತೆ. ಮೈನಸ್ ಇಡ್ಲಿ ಎಂದರೆ ಆ ವಾಪಸಾತಿ.

ಒಂದೇ ಪದರ ಇಟ್ಟರೆ ಏನಾಗುತ್ತೆ ಗೊತ್ತೇ? ಸೋಮವಾರ ಖಿಚಡಿ 10ರ ಬದಲು 17 ತೋರಿಸುತ್ತೆ. ಸಂಕಷ್ಟಿ ದಿನ 70ರ ಬದಲು 10!

ಪಿಂಪ್ರಿ_ಪಾಟೀಲ
ಮೇಡಂ ಹೇಳಿದ್ದಕ್ಕ ಒಂದು ಸೇರಸ್ತೀನಿ. 285ರ ವರ್ಗ, 63ರ ವರ್ಗ ತಗದು ನೋಡ್ರಿ. ಮೊದಲ ಪದರಾನ ಒಟ್ಟು ‘ಶಕ್ತಿ’ಯೊಳಗ 95% ಹಿಡದೈತಿ. ಎಲ್ಲಾರೂ ಬ್ಲಾಗಿನ್ಯಾಗ ‘95% ಉಳಿಸ್ರಿ, ಸಾಕು’ ಅಂತ ಬರೀತಾರ. 95% ಉಳಿಸಿದ್ರೂ ಸಂಕಷ್ಟಿ ದಿನ ಶೆಟ್ರ ಹೋಟೆಲಿನ್ಯಾಗ 60 ಮಂದಿ ಖಿಚಡಿ ಇಲ್ದ ಎದ್ದು ಹೋಗ್ತಾರ. ಎಲ್ಲಿ ತಪ್ಪಾತು ಅಂತ ಆ ಶೇಕಡಾ ನಿಮಗ ಹೇಳಂಗಿಲ್ಲ.

ಫೋಟೋದಾಗ ಇದು ಇನ್ನೂ ಮೋಸ. ಬೆಳಕು ಇರೋ ಫೋಟೋಕ್ಕ ಮೊದಲ ಪದರಾನ ಸರಾಸರಿ ಬೆಳಕು ಹಿಡದು ಬಹುಪಾಲು ಶಕ್ತಿ ನುಂಗಿರ್ತೈತಿ. ಮುಖ ಇನ್ನೂ ಕಾಣೂದಿಲ್ಲ, ಶೇಕಡಾ ಮಾತ್ರ ಪಾಸ್ ಕ್ಲಾಸ್.

ಮೈನಸ್ ಬ್ಯಾಡ ಅಂದ್ರ ಅದಕ್ಕ ಬೇರೆ ವಿಧಾನ ಐತಿ, ಎಲ್ಲಾ ಸಂಖ್ಯೆ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಇರಬೇಕು ಅಂತ ಕಟ್ಟು ಹಾಕೂದು. ಲೀ ಮತ್ತು ಸೆಂಗ್ 1999ರಾಗ ಅದನ್ನ ಮುಖದ ಫೋಟೋಗಳ ಮ್ಯಾಲೆ ಮಾಡಿ ತೋರಿಸಿದ್ರು. ಶೆಟ್ರ ತಂದೆಯವರ ಪದರ ಹೆಚ್ಚಾಗಿ ಆ ಥರದ್ದು. ನನ್ನ ಕೇಳಿದ್ರ ಅದ ಛಲೋ.

ಮುಲುಂಡ್_ಮೇಡಂ
ಛಲೋ ಅನ್ನುವುದು ಯಾತಕ್ಕೆ ಎಂಬುದರ ಮೇಲೆ. k ಪದರದಲ್ಲಿ ಮೂಲಕ್ಕೆ ಅತಿ ಹತ್ತಿರ ಹೋಗುವುದು ಎಸ್‌ವಿಡಿಯೇ, ವರ್ಗದೋಷದ ಅಳತೆಯಲ್ಲಿ ಅದನ್ನು ಮೀರಿಸಲು ಬರುವುದಿಲ್ಲ. ಎಕಾರ್ಟ್ ಮತ್ತು ಯಂಗ್ 1936ರಲ್ಲೇ ಬರೆದಿಟ್ಟಿದ್ದಾರೆ. ನಿಮ್ಮ ಮೈನಸ್ ಇಲ್ಲದ ವಿಧಾನ ಓದಲು ಚೆನ್ನ. ಆದರೆ ಶುರು ಬೇರೆ ಕಡೆಯಿಂದ ಮಾಡಿದರೆ ಉತ್ತರವೂ ಬೇರೆ ಬರಬಹುದು.

ಪಿಂಪ್ರಿ_ಪಾಟೀಲ
ಒಪ್ಪಿದೆ, ಅರ್ಧ.

ವಾಸ್ಕೋ_ಕ್ಯಾಮೆರಾ
ಈ ಲೆಕ್ಕ ನೋಡಿ ನನಗೂ ಆಸೆ ಹುಟ್ಟಿತು. ಬಾಯ್ನಾ ಕಡೆ ತೆಗೆದ ದೋಣಿ ಫೋಟೋ ಹಾಕಿ ನೋಡಿದೆ. ಆಕಾಶ ಖಾಲಿ, ಸಮುದ್ರ ಖಾಲಿ, ಒಂದು ದೋಣಿ, ಕಂಬದಿಂದ ಓರೆಯಾಗಿ ಇಳಿದ ನಾಲ್ಕು ಹಗ್ಗ. ತಮ್ಮನ ಕಿಟಕಿಗಿಂತ ಎಷ್ಟೋ ಸರಳ ಚಿತ್ರ. ಆದರೂ k=50ರಲ್ಲಿ ಹಗ್ಗದ ಸುತ್ತ ಮೆಟ್ಟಿಲು ಮೆಟ್ಟಿಲು, ಆಕಾಶದಲ್ಲಿ ನಿಂತ ಗೆರೆ, ಮಲಗಿದ ಗೆರೆ, ಸೀರೆ ಅಂಚಿನ ಹಾಗೆ. ನನಗನಿಸೋದು, ಆಕಾಶದಲ್ಲಿ ಸಣ್ಣ ನಾಯ್ಸ್ ಜಾಸ್ತಿ ಇರಬೇಕು. ಐಎಸ್‌ಒ 800 ಇತ್ತು.

ಮುಲುಂಡ್_ಮೇಡಂ
ನಾಯ್ಸ್ ಅಲ್ಲ, ಹಗ್ಗ ಓರೆಯಾಗಿದ್ದದ್ದೇ ಕಾರಣ.

ಅಡ್ಡ ಸರಳು ಎಷ್ಟೇ ಇರಲಿ, ಹತ್ತಿರಲಿ ನೂರಿರಲಿ, ಎಲ್ಲ ಕಾಲಂ ಒಂದೇ ಥರ ಇರುವುದರಿಂದ ಒಂದೇ ಪದರ. ಅದರ ಮೇಲೆ ನಿಂತ ಸರಳೂ ಸೇರಿಸಿ ಜಾಲರಿ ಮಾಡಿದರೆ ಎರಡು ಪದರ. ಈಗ ಕಪ್ಪು ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಒಂದು ಓರೆ ಗೆರೆ ಎಳೆಯಿರಿ. 800×800 ಚಿತ್ರ. ಪ್ರತಿ ಸಾಲಿನಲ್ಲೂ ಬಿಳಿ ಚುಕ್ಕಿ ಹೊಸ ಜಾಗದಲ್ಲಿದೆ. ಯಾವ ಸಾಲೂ ಇನ್ನೊಂದರ ನಕಲಲ್ಲ. 800 ಸಿಂಗ್ಯುಲರ್ ವ್ಯಾಲ್ಯೂಗಳೂ ಸರಿಸಮ, ಒಂದೂ ಇಳಿಯುವುದಿಲ್ಲ. 50 ಇಟ್ಟುಕೊಂಡರೆ ಗೆರೆಯ ಹದಿನಾರನೇ ಒಂದು ಪಾಲು ಮಾತ್ರ ಉಳಿಯುತ್ತೆ.

ಅದಕ್ಕೇ ಒಂದು ಗುರುತು ಹೇಳಿಕೊಡುತ್ತೇನೆ. ಚಿತ್ರದಲ್ಲಿ ಇಲ್ಲದ ಜಾಗದಲ್ಲಿ ನಿಂತ, ಮಲಗಿದ ಗೆರೆ ಕಂಡರೆ ಅದು ಪದರ ಕಡಿಮೆಯಾದ ಲಕ್ಷಣ. ಜೆಪೆಗ್ ಹೆಚ್ಚು ಒತ್ತಿದರೆ 8×8 ಚೌಕಗಳು ಏಳುತ್ತವೆ, ಎಸ್‌ವಿಡಿ ಹೆಚ್ಚು ಒತ್ತಿದರೆ ಚಿತ್ರದ ಈ ತುದಿಯಿಂದ ಆ ತುದಿಗೆ ಗೆರೆ ಏಳುತ್ತವೆ.

ಧಾರವಾಡದಂವ_ಪುಣೆ
ಅಂದ್ರ ನಾ ಫೋನ್ ಸೊಟ್ಟ ಹಿಡದು ಅದೇ ಕಿಟಕಿ ತಗದಿದ್ರ?

ಮುಲುಂಡ್_ಮೇಡಂ
ಕಿಟಕಿ ಅದೇ, ಪದರ ಎಷ್ಟೋ ಹೆಚ್ಚು. ತಿರುಗಿಸಿ ನೋಡು.

ವಾಸ್ಕೋ_ಕ್ಯಾಮೆರಾ
ಒಪ್ಪಿದೆ ಮೇಡಂ. ಆದರೂ ನಾಯ್ಸ್ ಇಲ್ಲವೇ ಇಲ್ಲ ಅನ್ನಬೇಡಿ.

ಮುಲುಂಡ್_ಮೇಡಂ
ಇದೆ. ಅದು ಕೊನೆಯ ಪದರಗಳ ಉದ್ದನೆಯ ಬಾಲದಲ್ಲಿ ಹರಡಿಕೊಂಡಿರುತ್ತೆ. ನಿಮ್ಮ ಮೆಟ್ಟಿಲು ಆ ಬಾಲದ್ದಲ್ಲ.

ಪಿಂಪ್ರಿ_ಪಾಟೀಲ
ತಮ್ಮಾ, ನಿನ್ನ ಎರಡನೇ ಪ್ರಶ್ನೆಗೆ ಬರ್ತೀನಿ. ನಾ ಒಂದು ಕಂಪನಿಯೊಳಗ ಇದ ಕೆಲಸ ಮಾಡ್ತೀನಿ, ಹೆಸರು ಬ್ಯಾಡ. ನಿನ್ನ ರಿಪೋರ್ಟಿಗೆ ಒಂದು ಪ್ರಯೋಗ ಕೊಡ್ತೀನಿ, ಮಾಡು.

ನಿನ್ನ ಕಿಟಕಿ ಫೋಟೋದ 1200 ಸಾಲನ್ನ ಇಸ್ಪೀಟ್ ಎಲಿ ಕಲಸಿದಂಗ ಕಲಸಿಬಿಡು. ಕಾಲಂ ಸೈತ ಕಲಸು. ಈಗ ಅದು ಕಿಟಕಿ ಅಂತ ಹೆತ್ತ ತಾಯಿಗೂ ಗುರುತು ಸಿಗೂದಿಲ್ಲ. ಅದಕ್ಕ ಎಸ್‌ವಿಡಿ ಮಾಡಿ `s` ನೋಡು. ಆಮ್ಯಾಲೆ ಕಲಸಿದ್ದನ್ನೂ, ಕಲಸದ್ದನ್ನೂ ಜೆಪೆಗ್ ಮಾಡಿ ಎರಡೂ ಫೈಲ್ ತೂಗಿ ನೋಡು.

```python
p = np.random.permutation(1200)
q = np.random.permutation(800)
s2 = np.linalg.svd(A[p][:, q], compute_uv=False)
```

ಧಾರವಾಡದಂವ_ಪುಣೆ
ಅಣ್ಣಾ!! `s` ಎರಡೂ ಒಂದ! ಕಡೀ ದಶಾಂಶದಾಗ ಅಷ್ಟ ಎಲ್ಲೋ ಫರಕು. k=50 ಇಟ್ಟು, ತಿರುಗಿ ಸಾಲು ಕಾಲಂ ಮೊದಲಿನ ಜಾಗಕ್ಕ ಹಚ್ಚಿದೆ, ಮೊದಲಿನ ಫೋಟೋನ ಬಂತು. ಜೆಪೆಗ್ ಮಾತ್ರ ಉಬ್ಬಿ ದುಪ್ಪಟ್ಟು ದಾಟೇತಿ.

ನಿನ್ನೆಯಿಂದ ಇದೊಂದ ನೋಡಿ ಖುಷಿ ಆತು. ಆದ್ರ ಇದರ ಅರ್ಥ ಏನು?

ಪಿಂಪ್ರಿ_ಪಾಟೀಲ
ಅರ್ಥ ಏನಂದ್ರ, ಫೋಟೋದಾಗ ಪಕ್ಕದ ಪಿಕ್ಸೆಲ್ ಪಕ್ಕದ್ದರಂಗ ಇರ್ತೈತಿ ಅನ್ನೂ ದೊಡ್ಡ ಸುಳುಹು ಎಸ್‌ವಿಡಿಗೆ ಗೊತ್ತ ಇಲ್ಲ. ಅದಕ್ಕ ಯಾರು ಯಾರ ಬಾಜೂಕ ಕುಂತಾರ ಅನ್ನೂದು ಕಾಣೂದಿಲ್ಲ, ಯಾವ ಸಾಲು ಯಾವ ಸಾಲಿನಂಗ ಐತಿ ಅನ್ನೂದಷ್ಟ ಕಾಣ್ತೈತಿ. ಜೆಪೆಗ್ ಬದುಕೂದ ಆ ನೆರೆಹೊರೆ ಮ್ಯಾಲೆ. ಮತ್ತ ಜೆಪೆಗ್‌ಗೆ ತನ್ನ ಅಚ್ಚು ಫೈಲಿನ್ಯಾಗ ಹೊರೂ ಕೆಲಸ ಇಲ್ಲ, ಆ ಕೊಸೈನ್ ಅಚ್ಚು ಎಲ್ಲಾ ಫೋಟೋಕ್ಕೂ ಒಂದ. ಎಸ್‌ವಿಡಿ ಪ್ರತಿ ಫೋಟೋಕ್ಕ ಹೊಸಾ ಅಚ್ಚು ಹೊಲದು, ಅದನ್ನೂ ಹೊತ್ಕೊಂಡು ಹೋಗಬೇಕು. ಅದಕ್ಕ ನೀ ಫೈಲ್ ಪಂದ್ಯದಾಗ ಸೋತಿ.

ಈಗ ನಮ್ಮ ಕಂಪನಿ ಪಟ್ಟಿ ನೋಡು. ಸಾಲಿಗೊಬ್ಬ ಗಿರಾಕಿ, ಕಾಲಂಗೊಂದು ಸಿನಿಮಾ. 4012ನೇ ಗಿರಾಕಿ ಬಾಜೂಕ 4013ನೇಯವ ಇದ್ದಾನಂದ್ರ ಅವರಿಬ್ಬರ ರುಚಿ ಒಂದ ಇರ್ತೈತೇನು? ಇಲ್ಲ, ಇಬ್ಬರೂ ಒಂದ ದಿನ ಖಾತೆ ತಗದಾರ, ಅಷ್ಟ. ಆ ಪಟ್ಟಿ ಹುಟ್ಟಿನಿಂದನ ಕಲಸಿದ ಫೋಟೋ. ಅಲ್ಲಿ ಜೆಪೆಗ್ ಕುರುಡು, ಎಸ್‌ವಿಡಿಗೆ ಕಣ್ಣು ಕಾಣ್ತೈತಿ. ಫೋಟೋದಾಗ ಅದರ ಊನ ಏನಿತ್ತೋ ಇಲ್ಲಿ ಅದು ಲೆಕ್ಕಕ್ಕ ಬರೂದಿಲ್ಲ.

ನಿನ್ನ ಎರಡು ಪುಟ ಇಷ್ಟ.

ವಾಸ್ಕೋ_ಕ್ಯಾಮೆರಾ
ಹಾಗಾದರೆ ಸುಲಭ ಆಯ್ತಲ್ಲ. ಗಿರಾಕಿ ನೋಡದ ಸಿನಿಮಾ ಜಾಗದಲ್ಲಿ ಸೊನ್ನೆ ಹಾಕು, `svd` ಕರೆ, k=50 ಇಡು. ಸೊನ್ನೆ ಇದ್ದಲ್ಲಿ ಏನು ಸಂಖ್ಯೆ ಬಂತೋ ಅದೇ ಶಿಫಾರಸು.

ಪಿಂಪ್ರಿ_ಪಾಟೀಲ
ಎಲ್ಲಾರೂ ಮೊದಲ ದಿನ ಮಾಡೂ ತಪ್ಪು ಇದ. ನಾನೂ ಮಾಡೀನಿ, ಬೈಸ್ಕೊಂಡೀನಿ.

ನಿಮ್ಮ ದೋಣಿ ಫೋಟೋದಾಗ ನೂರಕ್ಕ 99 ಪಿಕ್ಸೆಲ್ ಕಪ್ಪು ಮಾಡಿ ಎಸ್‌ವಿಡಿಗೆ ಕೊಟ್ಟು ನೋಡ್ರಿ. ದೋಣಿ ತುಂಬಿ ಕೊಡ್ತೈತಿ ಅನ್ಕೊಂಡೀರಿ? ಹೆಚ್ಚೂಕಡಿಮಿ ಕಪ್ಪು ಹಲಗಿ ಕೊಡ್ತೈತಿ. ಯಾಕಂದ್ರ ಅದರ ಕಣ್ಣಿಗೆ ಸೊನ್ನೆ ಅಂದ್ರ ‘ಗೊತ್ತಿಲ್ಲ’ ಅಲ್ಲ, ‘ಕಪ್ಪು’. 99 ಕಪ್ಪಿಗೆ ನಿಷ್ಠೆ ತೋರಿಸೂದ ಅದರ ಲೆಕ್ಕದಾಗ ಉತ್ತಮ ಉತ್ತರ. ಸಿನಿಮಾ ಪಟ್ಟಿಯೊಳಗೂ ಹಂಗ, ನೋಡದ ಸಿನಿಮಾ ಅಂದ್ರ ಸೊನ್ನೆ ಸ್ಟಾರ್ ಕೊಟ್ಟ ಸಿನಿಮಾ ಆಗಿಬಿಡ್ತೈತಿ.

99 ಅಂತ ಸುಮ್ನ ಹೇಳಲಿಲ್ಲ. ನೆಟ್‌ಫ್ಲಿಕ್ಸ್ 2006ರ ಅಕ್ಟೋಬರದಾಗ ಹತ್ತು ಲಕ್ಷ ಡಾಲರಿನ ಸ್ಪರ್ಧೆ ಇಟ್ಟಿತ್ತು. ಅವರ ಪಟ್ಟಿಯೊಳಗ 4,80,189 ಗಿರಾಕಿ, 17,770 ಸಿನಿಮಾ. ಗುಣಿಸಿದ್ರ ಸ್ಟಾರ್ ತುಂಬೂ ಮನಿ 850 ಕೋಟಿ. ತುಂಬಿದ್ದು 10 ಕೋಟಿ ಚಿಲ್ಲರೆ. ನೂರಕ್ಕ 1.2.

ಆಗ ಸೈಮನ್ ಫಂಕ್ ಅನ್ನೂ ಹೆಸರಿಲೆ ಒಬ್ಬ ಅದ ವರ್ಷ ಡಿಸೆಂಬರದಾಗ ತನ್ನ ಬ್ಲಾಗಿನ್ಯಾಗ ಗುಟ್ಟು ಬಿಚ್ಚಿಟ್ಟ. ಖಾಲಿ ಮನಿ ಮುಟ್ಟಬ್ಯಾಡ್ರಿ, ತುಂಬಿದ ಮನಿ ಒಂದೊಂದ ತಗೊಂಡು, ಎಷ್ಟು ತಪ್ಪೀವಿ ಅಂತ ನೋಡಿ, `P`ದಾಗಿನ ಗಿರಾಕಿ ಸಾಲನ್ನೂ `Q`ದಾಗಿನ ಸಿನಿಮಾ ಸಾಲನ್ನೂ ಚೂರು ಚೂರು ತಿದ್ದಕೋತ ಹೋಗ್ರಿ. ಇಷ್ಟ.

```python
e = r - P[u] @ Q[i]
pu = P[u].copy()
P[u] += lr * (e * Q[i] - lam * P[u])
Q[i] += lr * (e * pu   - lam * Q[i])
```

ಆ `lam` ಮರೀಬ್ಯಾಡ್ರಿ. ಒಂದು ಸಿನಿಮಾಕ್ಕ ಬರೇ ಮೂರು ಮಂದಿ ಸ್ಟಾರ್ ಕೊಟ್ಟಾರ, ನೀವು ಅದಕ್ಕ 40 ಸಂಖ್ಯೆ ಇಟ್ಟೀರಿ ಅಂದ್ರ, ಆ ಮೂರು ಮಂದಿಗೆ ಹೊಂದೂ ಹಂಗ 40 ಸಂಖ್ಯೆ ಹೆಂಗ ಬೇಕಾದ್ರೂ ಕುಣೀತಾವು. ನಾಕನೇಯವ ಬಂದಾಗ ಹುಚ್ಚುಚ್ಚರ ಉತ್ತರ. `lam` ಅವನ್ನ ಸೊನ್ನೆ ಕಡೆ ಜಗ್ಗಿ ಹಿಡೀತೈತಿ.

ಮುಲುಂಡ್_ಮೇಡಂ
ಎಲ್ಲ ಸರಿ, ಒಂದು ತಕರಾರು. ಅದನ್ನು ಎಸ್‌ವಿಡಿ ಎಂದು ಕರೆಯಬೇಡಿ. ಪದರಗಳು ಒಂದಕ್ಕೊಂದು ಲಂಬವಿಲ್ಲ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಸಾಲಿಲ್ಲ, ಎಕಾರ್ಟ್-ಯಂಗ್ ಭರವಸೆ ಖಾಲಿ ಮನೆ ಇದ್ದ ಕ್ಷಣವೇ ಹೋಯಿತು. ಎರಡು ತೆಳ್ಳನೆಯ ಮ್ಯಾಟ್ರಿಕ್ಸ್ ಗುಣಿಸುವುದೊಂದೇ ಹೋಲಿಕೆ. ಹುಡುಗ ರಿಪೋರ್ಟಿನಲ್ಲಿ ‘ನೆಟ್‌ಫ್ಲಿಕ್ಸ್ ಎಸ್‌ವಿಡಿ ಬಳಸಿತು’ ಎಂದು ಬರೆದರೆ ನಾನಾದರೆ ಅಂಕ ಕಳೆಯುತ್ತೇನೆ.

ಪಿಂಪ್ರಿ_ಪಾಟೀಲ
ಮೇಡಂ, ಇಡೀ ಉದ್ಯಮ ಹಂಗ ಕರೀತೈತಿ. ನಾ ಒಬ್ಬ ಬಿಟ್ರ ಏನ್ ಆಗ್ತೈತಿ?

ಮುಲುಂಡ್_ಮೇಡಂ
ಇಡೀ ಮುಂಬಯಿ ಮಸಾಲೆ ದೋಸೆಗೆ ‘ಮಸಾಲಾ ಡೋಸಾ’ ಅನ್ನುತ್ತೆ. ನೀವೂ ಅನ್ನುತ್ತೀರಾ?

ಮಾಟುಂಗಾ_ಶೆಟ್ರು
ಗಿರಾಕಿ ಎದುರು ನಾನು ಅಂತೇನೆ ಮೇಡಂ. ಬಿಲ್ಲು ಕೊಡುವವ ಅವನು 🙏

ಧಾರವಾಡದಂವ_ಪುಣೆ
k ಎಷ್ಟಿಡಬೇಕು ಅನ್ನೂದು ಇನ್ನೂ ತಿಳೀಲಿಲ್ಲ. ಫೋಟೋಕ್ಕ ಕಣ್ಣಿಂದ ನೋಡಿದೆ. ಶಿಫಾರಸಿಗೆ?

ಪಿಂಪ್ರಿ_ಪಾಟೀಲ
ಫೋಟೋದಾಗ k ಹೆಚ್ಚು ಮಾಡಿದಷ್ಟೂ ಮೂಲಕ್ಕ ಹತ್ರ, ಅದು ಎಂದೂ ತಪ್ಪೂದಿಲ್ಲ. ಶಿಫಾರಸಿನ್ಯಾಗ ಹಂಗಿಲ್ಲ. ಗೊತ್ತಿದ್ದ ಸ್ಟಾರ್‌ನಾಗ ಒಂದಿಷ್ಟು ಬಚ್ಚಿಟ್ಟು, ಉಳಿದದ್ದರಿಂದ ಕಲತು, ಬಚ್ಚಿಟ್ಟದ್ದು ಎಷ್ಟು ಸರಿ ಹೇಳ್ತೈತಿ ನೋಡಬೇಕು. k ಏರಿಸಿದಂಗ ಕಲತದ್ದರ ತಪ್ಪು ಇಳೀತ ಹೋಗ್ತೈತಿ, ಬಚ್ಚಿಟ್ಟದ್ದರ ತಪ್ಪು ಇಳದು ಇಳದು ಒಂದು ಕಡೆ ನಿಂತು ಮತ್ತ ಏರಾಕ ಹತ್ತಬಹುದು. ಅಲ್ಲೇ ನಿಲ್ಲು.

ಠಾಣೆ_ಟೈಪಿಸ್ಟ್
`lam` ಸರಿಯಾಗಿ ಇಟ್ಟರೆ k ದೊಡ್ಡದಿದ್ದರೂ ಏರಲ್ಲ ಅಂತ ನಮ್ಮ ಟೀಮಿನವರು ಜಗಳ ಮಾಡ್ತಾರೆ. ನಾನು 20ರ ಬದಲು 200 ಇಟ್ಟು ನೋಡಿದೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಪಿಂಪ್ರಿ_ಪಾಟೀಲ
ನಿಮ್ಮ ಡೇಟಾ ಯಾವುದು ಅನ್ನೂದರ ಮ್ಯಾಲೆ. ನಮ್ಮದರಾಗ ಏರೇತಿ. ಬಚ್ಚಿಟ್ಟದ್ದನ್ನ ದಿನಾಂಕ ನೋಡಿ ಆರಿಸಿದ್ರೋ, ಸುಮ್ನ ಅಲ್ಲೊಂದು ಇಲ್ಲೊಂದು ಹೆಕ್ಕಿದ್ರೋ?

ಠಾಣೆ_ಟೈಪಿಸ್ಟ್
ಸುಮ್ನೆ ಹೆಕ್ಕಿದ್ದು…

ಪಿಂಪ್ರಿ_ಪಾಟೀಲ
ಹಂಗಾದ್ರ ನಾಳಿನ ಸ್ಟಾರ್ ನೋಡಿ ನಿನ್ನಿನ ಸ್ಟಾರ್ ಹೇಳಿರ್ತೈತಿ. ದಿನಾಂಕದ ಪ್ರಕಾರ ಕತ್ತರಿಸಿ ಮತ್ತ ನೋಡ್ರಿ, ಆಮ್ಯಾಲೆ ಜಗಳಾಡೂಣು.

ಧಾರವಾಡದಂವ_ಪುಣೆ
ಇನ್ನೊಂದು ಸಣ್ಣದು. ನನ್ನ `U`ದ ಮೊದಲ ಕಾಲಂ ಪೂರಾ ಮೈನಸ್ ಬಂದೈತಿ. ಬೆಳಕು ಮೈನಸ್ ಹೆಂಗಾಗ್ತೈತಿ?

ಮುಲುಂಡ್_ಮೇಡಂ
`Vt`ಯ ಮೊದಲ ಸಾಲು ನೋಡು, ಅದೂ ಪೂರಾ ಮೈನಸ್ ಇರುತ್ತೆ. ಗುಣಿಸಿದರೆ ಪ್ಲಸ್. ಎರಡರ ಚಿಹ್ನೆಯನ್ನೂ ಒಟ್ಟಿಗೆ ತಿರುವಿದರೆ ಉತ್ತರ ಬದಲಾಗುವುದಿಲ್ಲ, ಪ್ರೋಗ್ರಾಂ ಯಾವುದನ್ನು ಕೊಟ್ಟರೂ ಸರಿ. ಒಂದು ಪದರದ ಚಿಹ್ನೆ ನೋಡಿ ‘ಇವನಿಗೆ ಹಾಸ್ಯ ಇಷ್ಟವಿಲ್ಲ’ ಎಂದು ಕಥೆ ಕಟ್ಟುವವರಿಗೆ ಇದನ್ನು ಹೇಳು.

ಗೋರೆಗಾಂವ್_ರಾಯರು
ಇಷ್ಟೆಲ್ಲ ಓದಿದೆ. ಒಟ್ಟಿನಲ್ಲಿ ನನ್ನ ಫೋನಿಗೆ ಇದು ಆಗುವುದಿಲ್ಲ ಎಂದಾಯಿತು, ಸರಿಯೇ?

ವಾಸ್ಕೋ_ಕ್ಯಾಮೆರಾ
ಆಗೋದಿಲ್ಲ ರಾಯರೇ. ಜೆಪೆಗ್ ಈಗಾಗಲೇ ನಿಮ್ಮ ಕೆಲಸ ಮಾಡಿದೆ. ಆ ಗುಲಾಬಿ ಹೂವು ಡಿಲೀಟ್ ಮಾಡಿ.

ಗೋರೆಗಾಂವ್_ರಾಯರು
ನಮ್ಮ ತಂಗಿ ಕಳಿಸಿದ್ದು. ಇರಲಿ ಬಿಡಿ.

ಮಾಟುಂಗಾ_ಶೆಟ್ರು
ಮೇಡಂ, ಪಾಟೀಲರೇ, ಒಂದು ನಿಜವಾದ ಪ್ರಶ್ನೆ. ಈ ಸಲದ ಸಂಕಷ್ಟಿ ಮಂಗಳವಾರ ಬರ್ತದೆ, ಅಂಗಾರಕಿ. ಮತ್ತೆ ಹೋದ ವಾರ ನೀರುದೋಸೆ ಹೊಸತಾಗಿ ಶುರು ಮಾಡಿದ್ದೇನೆ. ಅಂಗಾರಕಿ ದಿನ ನೀರುದೋಸೆಗೆ ಎಷ್ಟು ಅಕ್ಕಿ ನೆನೆ ಹಾಕಬೇಕು ಅಂತ ನಿಮ್ಮ ಪದರ ಹೇಳ್ತದಾ?

ಪಿಂಪ್ರಿ_ಪಾಟೀಲ
ಇಲ್ಲ ಶೆಟ್ರ. ನಮ್ಮ ಪಟ್ಟಿಯೊಳಗ ನೀರುದೋಸೆ ಕಾಲಂ ಪೂರಾ ಖಾಲಿ, ಅಂಗಾರಕಿ ಸಾಲೂ ಖಾಲಿ. ತಿದ್ದಾಕ ಒಂದೂ ತುಂಬಿದ ಮನಿ ಇಲ್ಲ ಅಂದ್ರ ಆ 40 ಸಂಖ್ಯೆ ಶುರುವಾದಲ್ಲೇ ಕುಂತಿರ್ತಾವು. ನಮಗೂ ದಿನಾ ಇದ ಕಾಟ, ಹೊಸಾ ಸಿನಿಮಾ ಬಂದ ದಿನ. ಬೇರೆ ಏನರೆ ಗೊತ್ತಿರಬೇಕು: ಅಕ್ಕಿದು, ಉಪವಾಸಕ್ಕ ನಡಿಯೂದಿಲ್ಲ, ದೋಸೆ ಥರದ್ದು, ಅಂತ.

ಮಾಟುಂಗಾ_ಶೆಟ್ರು
ಅದು ನನಗೆ ಮೊದಲೇ ಗೊತ್ತುಂಟು. ಎರಡು ಕಿಲೋ ಹಾಕ್ತೇನೆ. ಬುಧವಾರ ಬಂದು ಲೆಕ್ಕ ಹೇಳ್ತೇನೆ, ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಧಾರವಾಡದಂವ_ಪುಣೆ
ಫೋನ್ 45 ಡಿಗ್ರಿ ಸೊಟ್ಟ ಹಿಡದು ಅದೇ ಲೋಕಲ್‌ನಾಗ ತಿರುಗಿ ಫೋಟೋ ತಗದೆ. ಬಾಜೂಕ ಕುಂತ ಕಾಕಾರು ‘ಕಾಯ್ ಝಾಲಾ ರೆ’ ಅಂದ್ರು. k=50ರಾಗ ಸರಳು ಎಲ್ಲಾ ಮೆಟ್ಟಿಲಾಗೇತಿ, ಮೇಡಂ ಹೇಳಿದಂಗ. ಎರಡೂ ಫೋಟೋ ರಿಪೋರ್ಟಿನಾಗ ಹಾಕ್ತೀನಿ. 9.6 ತಗದು 4.8 ಬರದೀನಿ.